ವಾಷರ್‌ನ ಅಂಚು ನೋಡದೆ ಫುಲ್ ಮಾರ್ಕ್ಸ್ ಕೊಟ್ಟರೆ ಹೀಗಾಗುತ್ತೆ

ಹೋದ ಸೆಮಿಸ್ಟರ್ ಇಂಟರ್ನಲ್ಸ್‌ನಲ್ಲಿ ಒಂದು ಪ್ರಶ್ನೆ ಬಂದಿತ್ತು, ಮೆಕ್ಯಾನಿಕಲ್‌ನವರಿಗೆಲ್ಲ ನೆನಪಿರಬೇಕು. 2 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ಶೀಟಿನಿಂದ 40 ಮಿ.ಮೀ. ವ್ಯಾಸದ ಬಿಲ್ಲೆ ಕತ್ತರಿಸಬೇಕು, ಶಿಯರ್ ಸ್ಟ್ರೆಂತ್ ಚದರ ಮಿ.ಮೀ.ಗೆ 300 ನ್ಯೂಟನ್, ಕ್ಲಿಯರೆನ್ಸ್ ಎಷ್ಟು, ಬ್ಲಾಂಕಿಂಗ್ ಫೋರ್ಸ್ ಎಷ್ಟು. ಎರಡು ಸೂತ್ರ, ಎರಡು ಉತ್ತರ. ನಮ್ಮ ಗುಂಪಿನ ನಾಲ್ವರಿಗೂ ಪೂರ್ತಿ ಅಂಕ ಬಂತು, ಕ್ಯಾಂಟೀನ್‌ನಲ್ಲಿ ಮಸಾಲೆ ದೋಸೆಯೂ ಆಯ್ತು. ಅದಾಗಿ ಎರಡು ತಿಂಗಳಿಗೆ ಅದೇ ಲೆಕ್ಕ ಇಟ್ಕೊಂಡು ನಿಜವಾದ ಡೈಗೆ ಡ್ರಾಯಿಂಗ್ ಮಾಡಿದೆವು. ಆ ಡೈ ತಪ್ಪಾಯ್ತು.

ಸಣ್ಣ ತಪ್ಪೇನಲ್ಲ. ಹಾರ್ಡನ್ ಮಾಡಿ ಗ್ರೈಂಡ್ ಮಾಡಿಟ್ಟಿದ್ದ ಪಂಚನ್ನ ಬಿಚ್ಚಿ ಮತ್ತೆ ಗ್ರೈಂಡಿಂಗ್‌ಗೆ ಕಳಿಸಬೇಕಾಯ್ತು, ಡೈ ಇನ್ಸರ್ಟನ್ನ ಮತ್ತೆ ವೈರ್‌ಕಟ್‌ಗೆ ಹಾಕಬೇಕಾಯ್ತು, ಅವರ ಒಂದು ವಾರದ ಕೆಲಸ ಹಿಂದೆ ಬಿತ್ತು. ಆಮೇಲೆ ಉತ್ತರ ಪತ್ರಿಕೆ ತೆಗೆದು ನೋಡಿದರೆ ಅದರಲ್ಲಿ ಒಂದು ತಪ್ಪೂ ಇಲ್ಲ! ನಮಗೆ ತಲೆ ಕೆಟ್ಟಿದ್ದು ಇದಕ್ಕೇ. ಉತ್ತರ ಸರಿ, ಡೈ ತಪ್ಪು. ಹಾಗಾದ್ರೆ ಪ್ರಶ್ನೆಯಲ್ಲೇ ಏನೋ ಬಿಟ್ಟುಹೋಗಿದೆ ಅನ್ನೋದು ನಮ್ಮ ವಾದ, ಅದನ್ನೇ ಇಲ್ಲಿ ಬರೀತಿದ್ದೇವೆ. (ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ನಾವು, ಕಾಗುಣಿತ ತಪ್ಪಿದ್ರೆ ಸಂಪಾದಕರು ತಿದ್ದಿರ್ತಾರೆ ಅಂತ ಧೈರ್ಯ.)

ನಡೆದದ್ದು ಇಷ್ಟು. ನಮ್ಮಲ್ಲೊಬ್ಬಳ ಚಿಕ್ಕಪ್ಪನಿಗೆ ಪೀಣ್ಯದಲ್ಲಿ ಒಂದು ಪುಟ್ಟ ಪ್ರೆಸ್ ಶಾಪ್ ಇದೆ. ಹೊರವ್ಯಾಸ 40, ಒಳಗಿನ ತೂತು 20, ದಪ್ಪ 2 ಮಿ.ಮೀ. ಇರೋ ಒಂದು ವಾಷರ್ ಅವರಲ್ಲಿ ಕಾಯಂ ಆಗಿ ಓಡುತ್ತೆ. ಹಳೇ ಡೈ ಸವೆದಿತ್ತು. ನಮಗೆ ಮಿನಿ ಪ್ರಾಜೆಕ್ಟ್‌ಗೆ ವಿಷಯ ಬೇಕಿತ್ತು. "ಲೆಕ್ಕ ನೀವೇ ಹಾಕಿ, ಡ್ರಾಯಿಂಗ್ ನೀವೇ ಮಾಡಿ, ನೋಡೋಣ" ಅಂದರು ಚಿಕ್ಕಪ್ಪ. ಪ್ರೊಗ್ರೆಸಿವ್ ಡೈ. ಅಂದರೆ ಶೀಟಿನ ಪಟ್ಟಿ ಮೊದಲ ಸ್ಟೇಷನ್‌ನಲ್ಲಿ ತೂತು ಮಾಡಿಸಿಕೊಂಡು ಮುಂದಕ್ಕೆ ಹೋಗುತ್ತೆ, ಎರಡನೇ ಸ್ಟೇಷನ್‌ನಲ್ಲಿ ಹೊರಸುತ್ತು ಕತ್ತರಿಸಿಕೊಂಡು ವಾಷರ್ ಕೆಳಗೆ ಬೀಳುತ್ತೆ. ಪ್ರೆಸ್ ಒಂದು ಸಲ ಇಳಿದರೆ ಎರಡೂ ಕಡೆ ಏಟು ಬೀಳುತ್ತೆ.

ಮೊದಲ ಏಟು ಬಿದ್ದಿದ್ದು ನಮಗೇ, ಅದೂ ಡ್ರಾಯಿಂಗ್ ತೋರಿಸಿದ ದಿನವೇ. ಫೋರ್ಸ್ ಲೆಕ್ಕ ಹೀಗಿತ್ತು. F = L × t × τ. ಕತ್ತರಿಸುವ ಸುತ್ತಳತೆ L ಅಂದರೆ π × 40, ಸುಮಾರು 125.7 ಮಿ.ಮೀ. ಅದನ್ನ ದಪ್ಪ 2ರಿಂದ ಗುಣಿಸಿ, 300ರಿಂದ ಗುಣಿಸಿದರೆ 75,400 ನ್ಯೂಟನ್, ಅಂದರೆ ಸುಮಾರು 7.7 ಟನ್. ಶಾಪ್‌ನಲ್ಲಿ ಖಾಲಿ ಇದ್ದದ್ದು 10 ಟನ್ ಪ್ರೆಸ್. "ಸಾಕಾಗುತ್ತೆ ಅಂಕಲ್" ಅಂದ್ವಿ. ಅಲ್ಲಿ ಇಪ್ಪತ್ತೈದು ವರ್ಷದಿಂದ ಡೈ ಕೂರಿಸ್ತಾ ಬಂದಿರೋ ಒಬ್ಬ ಮೇಸ್ತ್ರಿ ಇದ್ದಾರೆ. ಡ್ರಾಯಿಂಗ್ ನೋಡಿ ಅವರು ಕೇಳಿದ್ದು ಒಂದೇ ಮಾತು.

"ಒಳಗಿನ ತೂತು ಯಾರು ಹೊಡೀತಾರೆ, ನಿಮ್ಮ ತಾತನಾ?"

ಪ್ರಶ್ನೆಪತ್ರಿಕೆಯಲ್ಲಿ ಬಿಲ್ಲೆ ಮಾತ್ರ ಇತ್ತು, ತೂತು ಇರಲಿಲ್ಲ. ನಾವು ಪ್ರಶ್ನೆಪತ್ರಿಕೆಯನ್ನೇ ಶಾಪ್‌ಗೆ ತಗೊಂಡು ಹೋಗಿದ್ವಿ. 20 ಮಿ.ಮೀ. ತೂತಿನ ಸುತ್ತಳತೆ 62.8, ಫೋರ್ಸ್ 37,700 ನ್ಯೂಟನ್. ಎರಡೂ ಪಂಚ್ ಒಟ್ಟಿಗೆ ಇಳಿಯೋದರಿಂದ ಕೂಡಿಸಲೇಬೇಕು. 113 ಕಿಲೋನ್ಯೂಟನ್, ಸುಮಾರು 11.5 ಟನ್. 10 ಟನ್ ಪ್ರೆಸ್ ಮೇಲೆ ಆ ಡೈ ಹಾಕಿದ್ರೆ ಮೊದಲ ಏಟಿಗೆ ಏನೂ ಕಾಣಿಸದೇ ಇರಬಹುದು, ಆದರೆ ಪ್ರತಿ ಏಟಿಗೂ ಕ್ರ್ಯಾಂಕ್, ಬೇರಿಂಗ್, ಫ್ರೇಮ್ ಎಲ್ಲ ಅಳತೆ ಮೀರಿ ಹೊರೆ ಹೊರುತ್ತಾ ಹೋಗುತ್ತೆ. ಇನ್ನೊಂದು ವಿಷಯವನ್ನೂ ಮೇಸ್ತ್ರಿ ಅಲ್ಲೇ ಹೇಳಿದರು. ಪ್ರೆಸ್ ಮೇಲೆ 10 ಟನ್ ಅಂತ ಬರೆದಿದ್ದರೆ ಅದು ಸ್ಟ್ರೋಕಿನ ಕೊನೆಯಲ್ಲಿ, ರ್‍ಯಾಮ್ ಕೆಳಗೆ ಮುಟ್ಟೋಕೆ ಕೆಲವೇ ಮಿ.ಮೀ. ಇರುವಾಗ ಮಾತ್ರ. ಮೇಲೆ ಇದ್ದಷ್ಟೂ ಅದು ಕೊಡಬಲ್ಲ ಫೋರ್ಸ್ ಕಡಿಮೆ.

ಇಲ್ಲಿ ಒಂದು ಮಾತು ನಮ್ಮ ಪರವಾಗಿ. ಮೇಸ್ತ್ರಿ ತಪ್ಪು ಹಿಡಿದರು ಸರಿ, ಆದರೆ ಪರಿಹಾರಕ್ಕೆ ಲೆಕ್ಕ ಬೇಕೇ ಬೇಕಾಯ್ತು. ಎರಡು ಪಂಚುಗಳ ಉದ್ದದಲ್ಲಿ ವ್ಯತ್ಯಾಸ ಇಟ್ಟರೆ ಒಂದು ಕತ್ತರಿಸಿ ಮುಗಿಸಿದ ಮೇಲೆ ಇನ್ನೊಂದು ಶುರು ಮಾಡುತ್ತೆ, ಹೊರೆ ಕೂಡೋದಿಲ್ಲ. ಇದು ಅಲ್ಲಿ ಎಲ್ಲರಿಗೂ ಗೊತ್ತು. ಎಷ್ಟು ವ್ಯತ್ಯಾಸ? "ಶೀಟಿನ ದಪ್ಪದಷ್ಟು ಇಡ್ತೀವಿ, ಒಂದ್ಸಲ ಅದಕ್ಕಿಂತ ಕಮ್ಮಿನೂ ಇಡ್ತೀವಿ" ಅಂದರು. ಯಾಕೆ ಕಮ್ಮಿ ಇಡಬಹುದು ಅನ್ನೋದು ನಮ್ಮ ನೋಟ್ಸ್‌ನಲ್ಲಿ ಇತ್ತು. ಪಂಚ್ ಶೀಟಿನ ಪೂರ್ತಿ ದಪ್ಪವನ್ನ ಚಾಕುವಿನ ಹಾಗೆ ಕತ್ತರಿಸಿಕೊಂಡು ಹೋಗೋದಿಲ್ಲ. ಮೈಲ್ಡ್ ಸ್ಟೀಲ್‌ನಲ್ಲಿ ದಪ್ಪದ ಸುಮಾರು 40 ಪರ್ಸೆಂಟ್ ಒಳಗೆ ಹೋಗುತ್ತಿದ್ದಂತೆ ಉಳಿದದ್ದು ಬಿರುಕು ಬಿಟ್ಟು ಹರಿದುಹೋಗುತ್ತೆ. 2 ಮಿ.ಮೀ. ಶೀಟಿಗೆ ಅದು 0.8 ಮಿ.ಮೀ. ಅಷ್ಟರಲ್ಲಿ ಫೋರ್ಸ್ ಧಡಕ್ಕನೆ ಇಳಿದುಬಿಡುತ್ತೆ. ಹಾಗಾಗಿ 0.8ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸಾಕು. ಅಂಚು ಸ್ವಲ್ಪ ಮೊಂಡಾದ ಮೇಲೂ ನಡೀಲಿ ಅಂತ 1.5 ಮಿ.ಮೀ. ಇಟ್ಟೆವು. ಹೊರಸುತ್ತಿನ ಪಂಚ್ ಉದ್ದ, ತೂತಿನ ಪಂಚ್ 1.5 ಗಿಡ್ಡ. ದೊಡ್ಡ ಪಂಚ್ ಕಚ್ಚಿದಾಗ ಶೀಟು ಸ್ವಲ್ಪ ಎಳೆದಾಡುತ್ತೆ, ಆ ಹೊತ್ತಿಗೆ ಸಣ್ಣ ಪಂಚ್ ಒಳಗಿದ್ದರೆ ಬಾಗಬಹುದು, ಅದಕ್ಕೇ ಸಣ್ಣದನ್ನ ಗಿಡ್ಡ ಇಡೋದು. 20 ಮಿ.ಮೀ. ಪಂಚಿಗೆ ಅಂಥ ಅಪಾಯವೇನಿಲ್ಲ, ಆದರೂ ಅಲ್ಲಿಯ ರೂಢಿ ಹಾಗೆ. ಈಗ ಒಂದು ಕ್ಷಣದಲ್ಲಿ ಬೀಳೋ ಗರಿಷ್ಠ ಹೊರೆ 7.7 ಟನ್ ಮಾತ್ರ. ಅದೇ ಪ್ರೆಸ್ ಸಾಕು.

ಅನುಭವ ಒಂದಿದ್ರೆ ಸಾಕು, ಕ್ಯಾಲ್ಕುಲೇಶನ್ ಎಲ್ಲ ಸುಮ್ನೆ ಅನ್ನೋ ಸೀನಿಯರ್‌ಗಳಿಗೆ ಇದನ್ನ ಹೇಳಬೇಕಿತ್ತು. ಈಗ ನಮ್ಮ ತಪ್ಪಿಗೆ ಬರೋಣ.

ಕ್ಲಿಯರೆನ್ಸ್ ಸೂತ್ರ C = 0.0032 × t × √τ. 300ರ ವರ್ಗಮೂಲ 17.32, ಅದಕ್ಕೆ 0.0064 ಗುಣಿಸಿದರೆ 0.11 ಮಿ.ಮೀ. ಉತ್ತರ ಪತ್ರಿಕೆಯಲ್ಲಿ "ಕ್ಲಿಯರೆನ್ಸ್ = 0.11 ಮಿ.ಮೀ." ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ವಿ. ರೈಟ್ ಮಾರ್ಕ್ ಬಿತ್ತು. ಆ 0.11 ಎಲ್ಲಿಂದ ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ. ಅದು ಒಂದು ಬದಿಯ ಸಂದು. ಪಂಚು ಡೈಯ ನಡುವೆ ಸರಿಯಾಗಿ ನಿಂತಾಗ ಎಡಕ್ಕೆ 0.11, ಬಲಕ್ಕೆ 0.11. ವ್ಯಾಸದ ಲೆಕ್ಕದಲ್ಲಿ ವ್ಯತ್ಯಾಸ 0.22.

ನಾವು ವ್ಯಾಸದಿಂದ 0.11 ಮಾತ್ರ ಕಳೆದಿದ್ವಿ.

ಇನ್ನೊಂದು ಅರ್ಧ ನಾವು ಸರಿಯಾಗೇ ಮಾಡಿದ್ವಿ, ಅದನ್ನೂ ಹೇಳಿಬಿಡ್ತೀವಿ. ಹೊರಗೆ ಬೀಳೋ ತುಂಡೇ ನಮಗೆ ಬೇಕಾದದ್ದಾದರೆ ಅದರ ಅಳತೆಯನ್ನ ನಿರ್ಧರಿಸೋದು ಡೈ. ತೂತೇ ಬೇಕಾದದ್ದಾದರೆ ನಿರ್ಧರಿಸೋದು ಪಂಚ್. ಹಾಗಾಗಿ ಹೊರಸುತ್ತಿಗೆ ಡೈ 40.00 ಇಟ್ಟು ಪಂಚಿನಲ್ಲಿ ಕಳೆಯಬೇಕು, ಒಳತೂತಿಗೆ ಪಂಚ್ 20.00 ಇಟ್ಟು ಡೈಗೆ ಕೂಡಿಸಬೇಕು. ಸರಿಯಾದ ಅಳತೆ ಪಂಚ್ 39.78, ತೂತಿನ ಡೈ 20.22. ನಮ್ಮ ಡ್ರಾಯಿಂಗ್‌ನಲ್ಲಿ ಇದ್ದದ್ದು 39.89 ಮತ್ತು 20.11. ಒಂದು ಬದಿಗೆ ಸಂದು 0.055 ಮಿ.ಮೀ., ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಮೇಸ್ತ್ರಿ ಇದನ್ನ ಡ್ರಾಯಿಂಗ್‌ನಲ್ಲಿ ಗಮನಿಸಲಿಲ್ಲ. ನಾವು ಅಳತೆಗಳನ್ನ ಬೇರೆ ಬೇರೆ ಹಾಳೆಯಲ್ಲಿ ಕೊಟ್ಟಿದ್ವಿ, ಅದೂ ನಮ್ಮದೇ ತಪ್ಪು.

ಡೈ ತಯಾರಾಗಿ ಪ್ರೆಸ್ ಮೇಲೆ ಕೂತು ಮೊದಲ ಹತ್ತು ವಾಷರ್ ಬಿದ್ದಾಗ ನಮಗೆಲ್ಲ ಖುಷಿಯೋ ಖುಷಿ. ಮೈಕ್ರೋಮೀಟರ್‌ನಲ್ಲಿ ಅಳೆದರೆ ಅಳತೆ ಸರಿಯಾಗೇ ಇದೆ. ಅಂಚು ಹಳೇ ಡೈನ ವಾಷರ್‌ಗಿಂತ ಹೊಳೀತಿದೆ. ನಮ್ಮಲ್ಲೊಬ್ಬ "ಸೂಪರ್ ಫಿನಿಶ್" ಅಂತ ಫೋಟೋನೂ ಹಾಕ್ದ. ಮೇಸ್ತ್ರಿ ಮಾತ್ರ ಸುಮ್ಮನಿದ್ದರು. ಅವರ ಗಮನ ವಾಷರ್ ಮೇಲಿರಲಿಲ್ಲ, ಪಟ್ಟಿಯ ಮೇಲಿತ್ತು. ಪಂಚ್ ಮೇಲಕ್ಕೆ ಹೋಗುವಾಗ ಪಟ್ಟಿ ಅದಕ್ಕೇ ಅಂಟಿಕೊಂಡು ಎದ್ದು, ಸ್ಟ್ರಿಪ್ಪರ್ ಪ್ಲೇಟಿಗೆ ಟಕ್ ಅಂತ ಬಡಿದು ಆಮೇಲೆ ಬಿಡುತ್ತಿತ್ತು. "ಬಿಗಿ ಇದೆ" ಅಂದರು. ಒಂದು ವಾಷರ್ ತಗೊಂಡು ಜೇಬಿನಿಂದ ಪುಟ್ಟ ಭೂತಗನ್ನಡಿ ತೆಗೆದು ಅಂಚು ನೋಡಿದರು. ನಮ್ಮ ಕೈಗೆ ಕೊಟ್ಟು, "ನೋಡಮ್ಮಾ, ಇದು ಎರಡು ಸಲ ಕತ್ತರಿಸಿದೆ" ಅಂದರು.

ಆ ಗಾಜಿನಲ್ಲಿ ಕಂಡದ್ದನ್ನ ವಿವರವಾಗಿ ಹೇಳಬೇಕು. ನಮ್ಮ ಇಡೀ ವಾದ ನಿಂತಿರೋದು ಅದರ ಮೇಲೇ.

ಸರಿಯಾಗಿ ಕತ್ತರಿಸಿದ 2 ಮಿ.ಮೀ. ಅಂಚಿನಲ್ಲಿ ಮೂರು ಪಟ್ಟಿ ಕಾಣುತ್ತೆ. ಒಂದು ಮೂಲೆ ಸ್ವಲ್ಪ ದುಂಡಗಾಗಿರುತ್ತೆ, ಶೀಟು ಹರಿಯೋ ಮೊದಲು ಬಾಗಿದ ಗುರುತು ಅದು, ರೋಲ್‌ಓವರ್. ಅದರ ಪಕ್ಕ ನೇರವಾದ ಹೊಳೆಯೋ ಪಟ್ಟಿ, ಲೋಹ ಡೈಯ ಗೋಡೆಗೆ ಉಜ್ಜಿಕೊಂಡು ಜಾರಿದ್ದು, ನೋಟ್ಸ್‌ನಲ್ಲಿ ಬರ್ನಿಷ್ ಅಂತಿರೋದು ಇದೇ. ಆಮೇಲೆ ಮಂಕಾದ, ಒರಟಾದ, ಸ್ವಲ್ಪ ಓರೆಯಾದ ಪಟ್ಟಿ, ಅದು ಬಿರುಕು ಬಿಟ್ಟ ಜಾಗ. ಅದರ ತುದಿಯಲ್ಲಿ ಉಗುರಿಗೆ ತಾಕೋ ಸಣ್ಣ ಬರ್.

ಬಿರುಕು ಒಂದಲ್ಲ, ಎರಡು. ಒಂದು ಪಂಚಿನ ಅಂಚಿನಿಂದ ಕೆಳಕ್ಕೆ, ಇನ್ನೊಂದು ಡೈಯ ಅಂಚಿನಿಂದ ಮೇಲಕ್ಕೆ. ಎರಡೂ ನೆಟ್ಟಗೆ ಹೋಗೋದಿಲ್ಲ, ಸ್ವಲ್ಪ ಓರೆಯಾಗಿ ಹೋಗುತ್ತವೆ. ಕ್ಲಿಯರೆನ್ಸ್ ಅನ್ನೋದು ಈ ಎರಡು ಬಿರುಕುಗಳಿಗೆ ನಾವು ಗೊತ್ತುಮಾಡಿದ ಭೇಟಿಯ ಜಾಗ. ನಮ್ಮ ಲೆಕ್ಕದಲ್ಲೇ ನೋಡಿ. 0.8 ಮಿ.ಮೀ. ಒಳಹೋದ ಮೇಲೆ ಹರಿಯೋಕೆ ಉಳಿದದ್ದು 1.2 ಮಿ.ಮೀ. ಅಷ್ಟು ಎತ್ತರದಲ್ಲಿ 0.11 ಪಕ್ಕಕ್ಕೆ ಸರಿದರೆ ಬಿರುಕಿನ ಓರೆ ಸುಮಾರು 5 ಡಿಗ್ರಿ. ಶೀಟು ದಪ್ಪವಾದರೆ ಅದೇ 5 ಡಿಗ್ರಿಗೆ ಇನ್ನೂ ಹೆಚ್ಚು ಪಕ್ಕಕ್ಕೆ ಸರಿಯಬೇಕು. ಕ್ಲಿಯರೆನ್ಸನ್ನ ಯಾವಾಗಲೂ ದಪ್ಪದ ಪರ್ಸೆಂಟ್ ಆಗಿ ಹೇಳೋದು ಇದಕ್ಕೇ. ನಮ್ಮ 0.11 ಅಂದರೆ ದಪ್ಪದ ಐದೂವರೆ ಪರ್ಸೆಂಟ್. ಇದನ್ನ ನಾವು ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ವಿ, "ಯಾಕೆ ಪರ್ಸೆಂಟ್" ಅಂತ ಹೊಳೆದದ್ದು ಆ ಶಾಪ್‌ನ ಎಣ್ಣೆ ನೆಲದ ಮೇಲೆ ಕೂತಾಗ.

ಈಗ ಸಂದು 0.055ಕ್ಕೆ ಇಳಿದರೆ ಏನಾಗುತ್ತೆ? ಬಿರುಕುಗಳಿಗೆ ಅದು ಗೊತ್ತಿಲ್ಲ, ಅವು ತಮ್ಮ ಓರೆಯಲ್ಲೇ ಹೋಗುತ್ತವೆ. ಎದುರುಬದುರು ಬಂದರೂ ಒಂದನ್ನೊಂದು ದಾಟಿಕೊಂಡು ಹೋಗಿಬಿಡುತ್ತವೆ. ನಡುವೆ ಒಂದು ತೆಳು ನಾಲಿಗೆಯಂಥ ಲೋಹ ಉಳಿಯುತ್ತೆ. ಪಂಚ್ ಇನ್ನೂ ಕೆಳಗೆ ಬಂದು ಆ ನಾಲಿಗೆಯನ್ನ ಮತ್ತೆ ಕತ್ತರಿಸಬೇಕು. ಹಾಗಾಗಿ ಅಂಚಿನಲ್ಲಿ ಹೊಳೆಯೋ ಪಟ್ಟಿ, ಆಮೇಲೆ ಹರಕಲು ಜಾಗ, ಆಮೇಲೆ ಮತ್ತೆ ಹೊಳೆಯೋ ಪಟ್ಟಿ. ನಮ್ಮ ವಾಷರ್‌ನ ಹೊರ ಅಂಚಿನಲ್ಲೂ ಇದೇ, ಒಳತೂತಿನಲ್ಲೂ ಇದೇ. ನಾವು "ಸೂಪರ್ ಫಿನಿಶ್" ಅಂದ ಹೊಳಪು ಆ ಎರಡನೇ ಪಟ್ಟಿಯದ್ದು. ಫೋಟೋ ಆಮೇಲೆ ಡಿಲೀಟ್ ಆಯ್ತು ಅಂತ ಬೇರೆ ಹೇಳಬೇಕಿಲ್ಲ.

ಬಿಗಿ ಇದ್ದಷ್ಟೂ ಒಳ್ಳೇದಲ್ವಾ, ಹೊಳಪಿದ್ರೆ ತಪ್ಪೇನು ಅಂತ ನಾವೂ ಕೇಳಿದ್ವಿ. ಫೈನ್ ಬ್ಲಾಂಕಿಂಗ್ ಅಂತ ಒಂದು ವಿಧಾನ ಇದೆ, ಅದರಲ್ಲಿ ಕ್ಲಿಯರೆನ್ಸ್ ದಪ್ಪದ ಅರ್ಧ ಪರ್ಸೆಂಟ್ ಸುತ್ತಮುತ್ತ, ಅಂಚು ಪೂರ್ತಿ ಹೊಳೆಯುತ್ತೆ. ಆದರೆ ಅಲ್ಲಿ ಶೀಟನ್ನ ಸುತ್ತಲೂ ಚೂಪಾದ ರಿಂಗ್‌ನಿಂದ ಕಚ್ಚಿ ಹಿಡಿದು, ಕೆಳಗಿನಿಂದಲೂ ಒತ್ತಡ ಕೊಟ್ಟು, ಬಿರುಕೇ ಹುಟ್ಟದ ಹಾಗೆ ನೋಡಿಕೊಳ್ತಾರೆ. ಅದಕ್ಕೆ ಬೇರೆ ಪ್ರೆಸ್ಸೇ ಬೇಕು. ನಮ್ಮದು ಸಾಮಾನ್ಯ ಪ್ರೆಸ್, ಬಿರುಕು ಬಂದೇ ಬರುತ್ತೆ. ಅಲ್ಲಿ ಬಿಗಿ ಮಾಡಿದರೆ ಸಿಗೋದು ಅರ್ಧಂಬರ್ಧ ಹೊಳಪು, ಪಂಚಿನ ಪಕ್ಕಗಳು ಉಜ್ಜಿ ಬೇಗ ಸವೆಯೋದು, ಪಟ್ಟಿ ಬಿಡಿಸೋಕೆ ಹೆಚ್ಚು ಜೋರು ಬೇಕಾಗೋದು. ಆ ಟಕ್ ಸದ್ದು ಇದೇ.

ಪರೀಕ್ಷೆಯಲ್ಲಿ ಬೇರೆ ಬೇರೆಯಾಗಿದ್ದ ಎರಡು ಉತ್ತರಗಳು ನಿಜಕ್ಕೂ ಬೇರೆಯಲ್ಲ ಅಂತ ನಮಗೆ ಗೊತ್ತಾದದ್ದು ಇಲ್ಲೇ. F = L × t × τ ಒಳಗೆ C ಇಲ್ಲ. ಹಾಗಾಗಿ ಕ್ಲಿಯರೆನ್ಸ್ ಎಷ್ಟಿದ್ದರೂ ಫೋರ್ಸ್ ಅಷ್ಟೇ ಅಂದ್ಕೊಂಡಿದ್ವಿ. ಗರಿಷ್ಠ ಫೋರ್ಸ್ ಮಟ್ಟಿಗೆ ಅದು ತೀರಾ ತಪ್ಪೂ ಅಲ್ಲ, ಬಿಗಿಯಾದರೆ ಸ್ವಲ್ಪ ಮಾತ್ರ ಏರುತ್ತೆ. ಆದರೆ ನಾವು ಪಂಚುಗಳ ಉದ್ದದಲ್ಲಿ 1.5 ಮಿ.ಮೀ. ವ್ಯತ್ಯಾಸ ಇಟ್ಟದ್ದು 0.8ಕ್ಕೆ ಎಲ್ಲ ಹರಿದುಹೋಗುತ್ತೆ ಅನ್ನೋ ನಂಬಿಕೆಯ ಮೇಲೆ. ಆ 0.8 ಬಿರುಕುಗಳು ಸರಿಯಾಗಿ ಕೂಡಿದಾಗಿನ ಲೆಕ್ಕ. ಅವು ಕೂಡದೆ ನಾಲಿಗೆ ಉಳಿದರೆ ಕತ್ತರಿಸೋ ಕೆಲಸ ಇನ್ನೂ ಆಳಕ್ಕೆ ಎಳೆಯುತ್ತೆ, ಎರಡನೇ ಪಂಚಿನ ಕೆಲಸದ ಹತ್ತಿರಕ್ಕೆ ಬರುತ್ತೆ. ಅಂಚು ಮೊಂಡಾದರೂ ಹಾಗೇ. ಒಂದು ಕಡೆಯ ತಪ್ಪು ಇನ್ನೊಂದು ಕಡೆ ಸರಿಯಾಗಿದ್ದ ಲೆಕ್ಕವನ್ನೂ ಅಲುಗಾಡಿಸಿಬಿಡುತ್ತೆ. ಹತ್ತು ಅಂಕದ ಪ್ರಶ್ನೆಯಲ್ಲಿ ಐದು ಐದು ಅಂತ ಹಂಚಿಟ್ಟರೆ ಇದು ಹೇಗೆ ಕಾಣಬೇಕು?

ಅದೃಷ್ಟ ಒಂದು ವಿಷಯದಲ್ಲಿ ನಮ್ಮ ಕೈಬಿಡಲಿಲ್ಲ. ತಪ್ಪು ಬಿಗಿ ಕಡೆಗೆ ಆಗಿತ್ತು. ಪಂಚ್ 39.89 ಇದ್ದದ್ದನ್ನ 39.78ಕ್ಕೆ ಗ್ರೈಂಡ್ ಮಾಡಬಹುದು, ತೂತಿನ ಡೈಯನ್ನ 20.11ರಿಂದ 20.22ಕ್ಕೆ ಅಗಲ ಮಾಡಬಹುದು. ಎರಡೂ ಕಡೆ ಲೋಹ ತೆಗೆಯೋ ಕೆಲಸ. ವಾಷರ್‌ನ ಅಳತೆ ನಿರ್ಧರಿಸೋ 40.00 ಡೈಯನ್ನಾಗಲಿ 20.00 ಪಂಚನ್ನಾಗಲಿ ಮುಟ್ಟೋ ಹಾಗೇ ಇಲ್ಲ. ನಮ್ಮ ತಪ್ಪು ಸಡಿಲದ ಕಡೆಗೆ ಆಗಿದ್ದಿದ್ದರೆ ಲೋಹ ಸೇರಿಸಬೇಕಿತ್ತು, ಅಂದರೆ ಹೊಸ ಪಂಚ್, ಹೊಸ ಇನ್ಸರ್ಟ್. ಅನುಮಾನ ಇದ್ದಾಗ ಬಿಗಿಯಿಂದ ಶುರು ಮಾಡಿ, ಮೊದಲ ತುಂಡು ನೋಡಿ, ಆಮೇಲೆ ಬಿಡಿಸ್ತಾ ಹೋಗ್ತಾರಂತೆ. ಇದು ಯಾವ ಸೂತ್ರದಲ್ಲೂ ಇಲ್ಲ, ಆದರೆ ಡೈ ಮಾಡೋರಿಗೆಲ್ಲ ಗೊತ್ತಿರೋ ವಿಷಯ.

ತಿದ್ದಿದ ಡೈನಿಂದ ಬಿದ್ದ ವಾಷರ್‌ನಲ್ಲಿ ಹೊಳೆಯೋ ಪಟ್ಟಿ ಒಂದೇ, ಸುಮಾರು ಮೂರನೇ ಒಂದು ಭಾಗದಷ್ಟು. ಉಳಿದದ್ದು ಮಂಕು. ನೋಡೋಕೆ ಮೊದಲಿನಷ್ಟು ಚೆಂದ ಇಲ್ಲ! ಟಕ್ ಸದ್ದು ಹೋಯ್ತು. ಆದರೆ ಮತ್ತೆ ಒಂದು ಸಮಸ್ಯೆ, ವಾಷರ್‌ನ ಒಂದು ಮಗ್ಗುಲಲ್ಲಿ ಹೊಳಪು ಅಗಲ, ಎದುರು ಮಗ್ಗುಲಲ್ಲಿ ಕಿರಿದು, ಅಲ್ಲೇ ಬರ್ ಜಾಸ್ತಿ. ಈ ಸಲ ಮೇಸ್ತ್ರಿ ಹೇಳೋ ಮೊದಲೇ ನಾವೇ ಹೇಳಿದ್ವಿ, ಪಂಚ್ ನಡುವಿಗೆ ಕೂತಿಲ್ಲ. ಅದು 0.05 ಸರಿದರೂ ಸಾಕು, ಒಂದು ಬದಿ 0.06, ಇನ್ನೊಂದು ಬದಿ 0.16 ಆಗಿಬಿಡುತ್ತೆ. ಒಟ್ಟು 0.22 ಸರಿಯಾಗೇ ಇರುತ್ತೆ, ಮೈಕ್ರೋಮೀಟರ್ ಏನೂ ಹೇಳಲ್ಲ. ವಾಷರ್ ಮಾತ್ರ ಹೇಳುತ್ತೆ. ಬಿಚ್ಚಿ ಕೂರಿಸಿ, ಡೌವೆಲ್ ಪಿನ್ ಹಾಕುವ ಮೊದಲು ತೆಳು ಕಾಗದ ಕತ್ತರಿಸಿ ನೋಡಿದ್ವಿ. ಸುತ್ತಲೂ ಒಂದೇ ಥರ ಕತ್ತರಿಸಿದ ಮೇಲೆ ಪಿನ್ ಹೊಡೆದರು.

ಹಳೇ ಡೈನ ವಾಷರ್‌ಗಳನ್ನೂ ಪಕ್ಕದಲ್ಲಿಟ್ಟು ನೋಡಿದ್ವಿ. ಸವೆದು ಸಂದು ಅಗಲವಾದ ಡೈ ಅದು. ದುಂಡು ಮೂಲೆ ದೊಡ್ಡದು, ಹೊಳಪು ಕಿರಿದು, ಬರ್ ದಪ್ಪ, ಮೇಜಿನ ಮೇಲಿಟ್ಟರೆ ವಾಷರ್ ಸ್ವಲ್ಪ ತಟ್ಟೆಯ ಹಾಗೆ ಬಾಗಿದೆ. ಬರ್ ಕಂಡ ತಕ್ಷಣ ಕ್ಲಿಯರೆನ್ಸ್ ತಪ್ಪು ಅನ್ನೋ ಹಾಗೂ ಇಲ್ಲ, ಅಂಚು ಮೊಂಡಾದರೂ ಬರ್ ಬರುತ್ತೆ. ಪಂಚ್ ಮೊಂಡಾಗಿದ್ದರೆ ಬೀಳೋ ತುಂಡಿನ ಮೇಲೆ ಬರ್ ಹೆಚ್ಚು, ಡೈ ಮೊಂಡಾಗಿದ್ದರೆ ಪಟ್ಟಿಯಲ್ಲಿ ಉಳಿಯೋ ತೂತಿನ ಸುತ್ತ ಹೆಚ್ಚು. ಆದ್ದರಿಂದ ವಾಷರ್ ಒಂದೇ ಸಾಲದು, ಉಳಿದ ಪಟ್ಟಿಯನ್ನೂ ಬಿಸಾಕದೆ ನೋಡಬೇಕು.

ಮನೆಯಲ್ಲೇ ಪರೀಕ್ಷಿಸಬಹುದಾದ ಒಂದು ತಮಾಷೆ ಹೇಳ್ತೀವಿ. ಯಾವುದಾದ್ರೂ ಒಂದು ಹೊಸ ವಾಷರ್ ತಗೊಂಡು ಉಗುರಿನಿಂದ ಹೊರ ಅಂಚು, ಒಳ ಅಂಚು ಎರಡನ್ನೂ ಸವರಿ. ಬರ್ ಬೀಳೋ ತುಂಡಿನಲ್ಲಿ ಪಂಚಿನ ಕಡೆಗೂ, ತೂತಿನಲ್ಲಿ ಡೈಯ ಕಡೆಗೂ ಇರುತ್ತೆ. ನಮ್ಮ ಹಾಗೆ ಪ್ರೊಗ್ರೆಸಿವ್ ಡೈನಲ್ಲಿ ಎರಡೂ ಪಂಚ್ ಮೇಲಿನಿಂದ ಬಂದರೆ ಹೊರ ಬರ್ ಒಂದು ಮುಖದಲ್ಲಿ, ಒಳ ಬರ್ ಇನ್ನೊಂದು ಮುಖದಲ್ಲಿ. ಎರಡೂ ಒಂದೇ ಮುಖದಲ್ಲಿದ್ದರೆ ಅದು ಬಹುಶಃ ಕಾಂಪೌಂಡ್ ಡೈನಲ್ಲಿ, ಒಂದೇ ಸ್ಟೇಷನ್‌ನಲ್ಲಿ ಕತ್ತರಿಸಿದ್ದು. (ಪಾಲಿಶ್ ಡ್ರಮ್ಮಿನಲ್ಲಿ ಉರುಳಿಸಿ ಬರ್ ತೆಗೆದಿದ್ದರೆ ಈ ಆಟ ನಡೆಯಲ್ಲ.)

ನಮ್ಮ ಬೇಡಿಕೆ ಇಷ್ಟೇ. ಸೂತ್ರ ತೆಗೆದುಹಾಕಿ ಅಂತ ನಾವು ಹೇಳ್ತಿಲ್ಲ. ಸೂತ್ರ ಇಲ್ಲದಿದ್ದರೆ 11.5 ಟನ್ ಅನ್ನೋದು 10 ಟನ್ ಪ್ರೆಸ್ ಬಿರುಕು ಬಿಟ್ಟ ಮೇಲೆ ಗೊತ್ತಾಗುತ್ತಿತ್ತು. ಆದರೆ "ಕ್ಲಿಯರೆನ್ಸ್ = 0.11" ಅಂತ ಬರೆದವರಿಗೆ ಪೂರ್ತಿ ಅಂಕ ಕೊಡಬೇಡಿ. ಪಂಚಿನ ಅಳತೆ, ಡೈಯ ಅಳತೆ ಎರಡನ್ನೂ ಬರೆಸಿ. ಬಿಲ್ಲೆ ಬದಲು ತೂತಿರೋ ವಾಷರ್ ಕೊಟ್ಟು, ಪ್ರೆಸ್ ಎಷ್ಟು ಟನ್ ಅಂತಲೂ ಹೇಳಿ, ಸಾಕಾಗುತ್ತಾ ಅಂತ ಕೇಳಿ. ಆಗ ಒಂದೇ ಪ್ರಶ್ನೆಯಲ್ಲಿ ಎರಡು ಸೂತ್ರಗಳೂ ಒಂದನ್ನೊಂದು ಮುಟ್ಟಲೇಬೇಕಾಗುತ್ತೆ.

ಇದನ್ನ ನಮ್ಮ ಮೇಷ್ಟ್ರ ಹತ್ತಿರ ಹೇಳಿದಾಗ ಅವರು ಬೈಯಲಿಲ್ಲ. "ಅರವತ್ತು ಪೇಪರ್ ಒಂದೇ ಅಳತೆಗೋಲಲ್ಲಿ ತಿದ್ದಬೇಕು ಕಣ್ರೋ, ಒಂದು ಸಂಖ್ಯೆ ಇದ್ದರೆ ಯಾರಿಗೂ ಅನ್ಯಾಯ ಆಗಲ್ಲ" ಅಂದರು. ಆ ಮಾತಲ್ಲಿ ನ್ಯಾಯ ಇದೆ, ಅವರ ಕಷ್ಟ ನಮಗೂ ಅರ್ಥವಾಗುತ್ತೆ. ಆದರೆ 39.78 ಕೂಡ ಒಂದು ಸಂಖ್ಯೆಯೇ ಅಲ್ವಾ. ತಿದ್ದೋಕೆ 0.11ರಷ್ಟೇ ಸುಲಭ, ತಪ್ಪು ಮಾಡೋಕೆ ಮಾತ್ರ ಜಾಸ್ತಿ ಅವಕಾಶ.

ಲ್ಯಾಬ್ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಜಿಟಿಟಿಸಿಯಂಥ ಕಡೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡೋರು ಡೈಯನ್ನ ಕೈಯಾರೆ ಮಾಡಿಯೇ ಕಲೀತಾರೆ. ನಮಗೆ ಅಷ್ಟು ಯಂತ್ರ, ಅಷ್ಟು ಸಮಯ ಇಲ್ಲ, ಒಪ್ಪೋಣ. ಆದರೆ ನಾಲ್ಕು ಡಬ್ಬಿ ವಾಷರ್ ಮತ್ತು ಒಂದು ಭೂತಗನ್ನಡಿಗೆ ಯಾವ ಬಜೆಟ್ ಮಂಜೂರಾತಿ ಬೇಕು? ವೈವಾದಲ್ಲಿ "ಡಿಫೈನ್ ಕ್ಲಿಯರೆನ್ಸ್" ಅನ್ನೋ ಬದಲು ಒಂದು ವಾಷರ್ ಕೈಗಿಟ್ಟು, ಈ ಡೈ ಬಿಗಿಯೋ ಸಡಿಲವೋ, ಪಂಚ್ ಯಾವ ಕಡೆಯಿಂದ ಬಂತು, ನಡುವಿಗೆ ಕೂತಿತ್ತೋ ಇಲ್ಲವೋ ಅಂತ ಕೇಳಲಿ. ಐದು ನಿಮಿಷ ಸಾಕು. ಬಾಯಿಪಾಠ ಮಾಡಿ ಬಂದವರು ಅಲ್ಲೇ ಸಿಕ್ಕಿಬೀಳ್ತಾರೆ, ಎರಡು ತಿಂಗಳ ಹಿಂದೆ ನಾವೂ ಸಿಕ್ಕಿಬೀಳ್ತಿದ್ವಿ.

ಡಬ್ಬಿಗಳನ್ನ ನಾವೇ ತಂದಿಟ್ಟಿದ್ದೇವೆ. ಬಿಗಿ ಡೈನದ್ದು, ತಿದ್ದಿದ ಮೇಲಿನದ್ದು, ಒಂದು ಮಗ್ಗುಲಿಗೆ ಸರಿದದ್ದು, ಹಳೇ ಸವೆದ ಡೈನದ್ದು. ಹೆಸರು ಬರೆದಿಲ್ಲ, ಬರೀ ಒಂದು, ಎರಡು, ಮೂರು, ನಾಲ್ಕು ಅಂತ ಅಂಟಿಸಿದ್ದೇವೆ. ಮೆಷಿನ್ ಶಾಪ್‌ನಲ್ಲಿ ಬಾಗಿಲಿನ ಎಡಕ್ಕಿರೋ ಕಪಾಟಿನ ಕೆಳಗಿನ ಖಾನೆಯಲ್ಲಿವೆ, ಪಟ್ಟಿಯ ತುಂಡುಗಳೂ ಜೊತೆಗಿವೆ. ಭೂತಗನ್ನಡಿ ಮಾತ್ರ ಲ್ಯಾಬ್ ಅಣ್ಣನ ಹತ್ತಿರ ಕೇಳಿ ಇಸ್ಕೊಳ್ಳಿ, ಹೋದ ವಾರ ಒಂದು ಕಾಣೆಯಾಗಿದೆ.